ಅಲ್ಪ ಶ್ರವಣದೋಷವಿರುವ ಮಗುವಿಗೆ ತರಗತಿಯಲ್ಲಿ ಸರಿಯಾದ ಜಾಗ: ತಾಯಿ ಶಿಕ್ಷಕರಿಗೆ ಬರೆಯಬೇಕಾದ ಪತ್ರ

ಏನೂ ಕೇಳಿಸದ ಮಗುವಿನ ತೊಂದರೆಯನ್ನು ಶಾಲೆಯಲ್ಲಿ ಯಾರೂ ಅನುಮಾನಿಸುವುದಿಲ್ಲ. ಕಷ್ಟವಿರುವುದು ಅಲ್ಪ ಶ್ರವಣದೋಷವಿರುವ ಮಗುವಿನ ತಾಯಿಗೆ. ಹೆಸರು ಹಿಡಿದು ಕರೆದರೆ ಆ ಮಗು ತಿರುಗಿ ನೋಡುತ್ತದೆ, ಗಂಟೆ ಹೊಡೆದರೆ ಎಲ್ಲರ ಜೊತೆ ಹೊರಗೆ ಓಡುತ್ತದೆ, ಎದುರಿಗೆ ನಿಂತು ಕೇಳಿದರೆ ಉತ್ತರವನ್ನೂ ಕೊಡುತ್ತದೆ. ಹಾಗಾಗಿ ಉಕ್ತಲೇಖನದಲ್ಲಿ ಅದು ತಪ್ಪು ಬರೆದಾಗ ಶಿಕ್ಷಕರಿಗೆ ಮೊದಲು ತೋಚುವುದು ಗಮನವಿಲ್ಲ ಎಂಬ ಮಾತೇ. ಕೋಲಾರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡುವ ನಾನು, ತಾಯಂದಿರು ಬರೆದುಕೊಟ್ಟ ಇಂಥ ಪತ್ರಗಳನ್ನು ಓದಿದ್ದೇನೆ. ಅವುಗಳಲ್ಲಿ ಹೆಚ್ಚಿನವು “ದಯವಿಟ್ಟು ಮುಂದಿನ ಬೆಂಚಿನಲ್ಲಿ ಕೂರಿಸಿ” ಎಂಬ ಒಂದೇ ಸಾಲಿನಲ್ಲಿ ಮುಗಿಯುತ್ತವೆ. ಆದರೆ ಮುಂದಿನ ಬೆಂಚು ಎಂದ ಮಾತ್ರಕ್ಕೆ ಅದು ಸರಿಯಾದ ಜಾಗವಾಗಿರಬೇಕೆಂದೇನೂ ಇಲ್ಲ. ಯಾವ ಕಡೆಯ ಬೆಂಚು, ಯಾವ ಕಿವಿ ಯಾರ ಕಡೆಗೆ, ಬೆಳಕು ಎಲ್ಲಿಂದ ಎಂಬುದನ್ನು ಹೇಳದಿದ್ದರೆ ಪತ್ರ ಕೊಟ್ಟೂ ಪ್ರಯೋಜನವಾಗದೆ ಹೋಗಬಹುದು.

ಇದನ್ನು ಒಂದು ಉದಾಹರಣೆಯ ಮೂಲಕವೇ ವಿವರಿಸುತ್ತೇನೆ. ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿಯ ಶಾಲೆ ಎಂದುಕೊಳ್ಳಿ. ಹುಡುಗಿ ನಾಲ್ಕನೇ ತರಗತಿಗೆ ಬಂದಿದ್ದಾಳೆ, ಮನೆಯಲ್ಲಿ ತೆಲುಗು ಮಾತನಾಡುತ್ತಾರೆ. ಕಿವಿ ಪರೀಕ್ಷೆಯ ಚೀಟಿಯಲ್ಲಿ ಬಲಗಿವಿಗೆ 38 ಡೆಸಿಬೆಲ್, ಎಡಗಿವಿಗೆ 28 ಡೆಸಿಬೆಲ್ ಎಂದಿದೆ. ತರಗತಿಯಲ್ಲಿ ಕಪ್ಪುಹಲಗೆಗೆ ಮುಖ ಮಾಡಿ ಕುಳಿತರೆ ಎಡಗಡೆ ರಸ್ತೆಗೆ ತೆರೆದ ಕಿಟಕಿಗಳು, ಬಲಗಡೆ ಗೋಡೆ, ಆ ಗೋಡೆಯ ಮುಂದಿನ ಮೂಲೆಯಲ್ಲಿ ಜಗಲಿಗೆ ಹೋಗುವ ಬಾಗಿಲು ಇವೆ. ನಮ್ಮ ಕಡೆ ಬಹಳಷ್ಟು ಶಾಲೆಗಳಲ್ಲಿರುವಂತೆ ಇಲ್ಲಿಯೂ ಹುಡುಗಿಯರದು ಒಂದು ಪಕ್ಕ, ಹುಡುಗರದು ಒಂದು ಪಕ್ಕ. ಹುಡುಗಿಯರ ಸಾಲು ಕಿಟಕಿಯ ಕಡೆಗಿದೆ.

ಬರೆಯುವ ಮೊದಲು: ಪರೀಕ್ಷೆಯ ಚೀಟಿಯನ್ನು ಓದಿಕೊಳ್ಳುವುದು

ಕಿವಿಯ ಪರೀಕ್ಷೆ ಮಾಡಿದವರು ಕೊಡುವ ಆಡಿಯೋಗ್ರಾಂ ಎಂಬ ನಕ್ಷೆಯಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣದ ಸೊನ್ನೆಗಳು ಬಲಗಿವಿಯನ್ನೂ ನೀಲಿ ಬಣ್ಣದ ಗುಣಾಕಾರ ಚಿಹ್ನೆಗಳು ಎಡಗಿವಿಯನ್ನೂ ತೋರಿಸುತ್ತವೆ. ಗುರುತು ಕೆಳಗಿಳಿದಷ್ಟೂ ಅಲ್ಲಿ ಕೇಳಿಸಲು ಹೆಚ್ಚು ಜೋರಾದ ಶಬ್ದ ಬೇಕು ಎಂದರ್ಥ. ನಕ್ಷೆಯ ಎಡಭಾಗದಲ್ಲಿರುವುದು ತಗ್ಗು ಸ್ವರದ ಶಬ್ದಗಳು, ಬಲಭಾಗದಲ್ಲಿರುವುದು ಕೀಚಲು ಸ್ವರದವು. ಎರಡು ಗೆರೆಗಳೂ ಬಲಕ್ಕೆ ಹೋಗುತ್ತಾ ಕೆಳಗಿಳಿದಿದ್ದರೆ, ಸ್ವರಾಕ್ಷರಗಳು ಚೆನ್ನಾಗಿ ಕೇಳಿಸಿ, ಸ, ಶ, ಚ, ತ, ಕ ಮುಂತಾದ ಸಣ್ಣ ದನಿಯ ವ್ಯಂಜನಗಳು ಜಾರಿಹೋಗುತ್ತವೆ. ಈ ಹುಡುಗಿಯ ನಕ್ಷೆಯೂ ಹಾಗೆಯೇ ಇದೆ. ಅವಳ ಉಕ್ತಲೇಖನದ ಪುಸ್ತಕದಲ್ಲಿ “ಸಾಲು” ಎಂಬಲ್ಲಿ “ಹಾಲು” ಎಂದೂ, “ತಲೆ” ಎಂಬಲ್ಲಿ “ಕಲೆ” ಎಂದೂ ಇರುವುದಕ್ಕೆ ಕಾರಣ ಅದೇ.

ಇಲ್ಲಿ ಮೊದಲೇ ತಿಳಿದಿರಬೇಕಾದ ಒಂದು ವಿಷಯವಿದೆ. 38 ಡೆಸಿಬೆಲ್ ಎಂದರೆ ನೂರಕ್ಕೆ 38 ಭಾಗ ಕಿವುಡು ಎಂದಲ್ಲ. ಡೆಸಿಬೆಲ್ ಎಂಬುದು ಶಬ್ದದ ಜೋರಿನ ಅಳತೆ, ಶೇಕಡಾವಾರು ಅಲ್ಲ. ಪತ್ರದಲ್ಲಿ “ಶೇಕಡಾ 38 ಕೇಳಿಸುವುದಿಲ್ಲ” ಎಂದು ಬರೆದರೆ ಶಿಕ್ಷಕರು ಇನ್ನುಳಿದ 62 ಭಾಗ ಕೇಳಿಸುತ್ತದಲ್ಲ ಎಂದು ಲೆಕ್ಕ ಹಾಕುತ್ತಾರೆ, ಅದು ತಪ್ಪು ತಿಳಿವಳಿಕೆಗೆ ದಾರಿ. ದೋಷದ ದರ್ಜೆಯ ಹೆಸರನ್ನೂ ಒಂದೇ ಅಳತೆಯಲ್ಲಿ ಎಲ್ಲರೂ ಹೇಳುವುದಿಲ್ಲ. ನಮ್ಮಲ್ಲಿ ಬಹಳ ಕಡೆ 26ರಿಂದ 40ರವರೆಗಿನದನ್ನು ಅಲ್ಪ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರ ತನ್ನ ವರದಿಯಲ್ಲಿ, ಚೆನ್ನಾಗಿರುವ ಕಿವಿಯ ಲೆಕ್ಕದಲ್ಲಿ, 20ರಿಂದ 34ರವರೆಗೆ ಎಂದು ಇಟ್ಟುಕೊಂಡಿದೆ. ಆದ್ದರಿಂದ ಚೀಟಿಯಲ್ಲಿರುವ ಸಂಖ್ಯೆಯನ್ನೂ ಅಲ್ಲಿ ಬರೆದಿರುವ ಪದವನ್ನೂ ಹಾಗೆಯೇ ಎತ್ತಿಕೊಂಡು ಬರೆಯುವುದು ಕ್ಷೇಮ.

ಚೀಟಿಯಿಂದ ಇನ್ನೊಂದು ಸಂಗತಿಯನ್ನು ತಿಳಿದುಕೊಳ್ಳಬೇಕು. ದೋಷ ಶಾಶ್ವತವೇ, ಅಥವಾ ಶೀತ ನೆಗಡಿಯಿಂದ ಕಿವಿಯ ತಮಟೆಯ ಹಿಂದೆ ದ್ರವ ನಿಂತು ಬಂದು ಹೋಗುವಂಥದ್ದೇ ಎಂದು ಪರೀಕ್ಷೆ ಮಾಡಿದವರನ್ನೇ ಕೇಳಿ. ಬಂದು ಹೋಗುವಂಥದ್ದಾದರೆ ಮಗುವಿಗೆ ಒಂದು ವಾರ ಚೆನ್ನಾಗಿ ಕೇಳಿಸಿ ಮುಂದಿನ ವಾರ ಕೇಳಿಸದೆ ಹೋಗಬಹುದು, ಮತ್ತು ಅದನ್ನು ಪತ್ರದಲ್ಲಿ ಹೇಳದಿದ್ದರೆ ಮಗು ನಟಿಸುತ್ತಿದೆ ಎಂದು ಶಾಲೆಯವರಿಗೆ ಅನ್ನಿಸುವುದು ಸಹಜ. ನಮ್ಮ ಉದಾಹರಣೆಯ ಹುಡುಗಿಯದು ಶಾಶ್ವತವಾದದ್ದು. ಸದ್ಯಕ್ಕೆ ಶ್ರವಣಯಂತ್ರ ಬೇಡ, ಆರು ತಿಂಗಳಿಗೆ ಮತ್ತೆ ಪರೀಕ್ಷೆ ಮಾಡಿ ನೋಡೋಣ ಎಂದು ಹೇಳಿದ್ದಾರೆ.

ತೆಲುಗಿನ ಮೇಲೆ ಹೊರೆ ಹೋಗದಂತೆ

ಇದು ನಮ್ಮ ಗಡಿ ಭಾಗಕ್ಕೇ ವಿಶೇಷವಾದ ಸಮಸ್ಯೆ. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿಯ ಕಡೆ ಮಗುವಿನ ಕನ್ನಡದಲ್ಲಿ ತಪ್ಪು ಕಂಡರೆ, ಮನೆಮಾತು ತೆಲುಗಲ್ಲವೇ, ಬರುಬರುತ್ತಾ ಸರಿಹೋಗುತ್ತದೆ ಎಂದು ನಾವು ಶಿಕ್ಷಕರೇ ಹೇಳಿಬಿಡುತ್ತೇವೆ. ಆ ಮಾತು ಎಷ್ಟೋ ಮಕ್ಕಳ ವಿಷಯದಲ್ಲಿ ನಿಜವೂ ಹೌದು. ಹಾಗಿರುವಾಗ ಕಿವಿಯ ದೋಷ ಅದರ ಹಿಂದೆ ಅಡಗಿಕೊಂಡು ವರ್ಷಗಳೇ ಕಳೆಯಬಹುದು.

ಬೇರ್ಪಡಿಸಿ ನೋಡುವ ವಿಧಾನ ಕಷ್ಟದ್ದಲ್ಲ. ಮನೆಯಲ್ಲಿ ಮಗುವಿಗೆ ಬೆನ್ನು ಮಾಡಿ, ಒಲೆಯ ಮುಂದೆ ನಿಂತು, ಸಾಧಾರಣ ದನಿಯಲ್ಲಿ ತೆಲುಗಿನಲ್ಲೇ ಮಾತನಾಡಿಸಿ. ಅನ್ನ ಬಡಿಸುವಾಗ ಸಾಕೇ ಎಂಬರ್ಥದ “ಚಾಲಾ?” ಎಂದು ಕೇಳಿದರೆ ಮಗು ಹಾಲಿನ ವಿಷಯವೆಂದುಕೊಂಡು, “ಪಾಲಾ?” ಎಂಬುದಕ್ಕೆ ಕೊಡುವಂತೆ, ಬೇಡ ಈಗ ಕುಡಿಯುವುದಿಲ್ಲ ಎಂದು ಉತ್ತರಿಸಿದರೆ, ತೊಡಕು ಭಾಷೆಯದಲ್ಲ. ಅದೇ ಪ್ರಶ್ನೆಯನ್ನು ಎದುರಿಗೆ ಕುಳಿತು, ತುಟಿ ಕಾಣುವಂತೆ ಕೇಳಿದಾಗ ಸರಿಯಾದ ಉತ್ತರ ಬಂದರೆ ಇನ್ನೂ ಖಚಿತ. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚುತ್ತದೆ, ಚ ಅಕ್ಷರಕ್ಕೆ ಮುಚ್ಚುವುದಿಲ್ಲ. ಕಿವಿಗೆ ತಿಳಿಯದ ವ್ಯತ್ಯಾಸವನ್ನು ಮಗು ಕಣ್ಣಿನಿಂದ ತುಂಬಿಕೊಳ್ಳುತ್ತದೆ. ಮನೆಯ ಮಾತಿನಲ್ಲೇ ಹೀಗಾಗುತ್ತದೆ ಎಂಬ ಒಂದು ವಾಕ್ಯ ಪತ್ರದಲ್ಲಿದ್ದರೆ ಶಿಕ್ಷಕರ ಅರ್ಧ ಅನುಮಾನ ಅಲ್ಲಿಗೇ ತೀರುತ್ತದೆ. ನನ್ನ ಮಟ್ಟಿಗೆ, ವೈದ್ಯರ ಚೀಟಿಗಿಂತ ಇಂಥ ಒಂದು ಉದಾಹರಣೆ ಹೆಚ್ಚು ಮನವರಿಕೆ ಮಾಡಿಕೊಡುತ್ತದೆ.

ಯಾವ ಜಾಗ ಕೇಳಬೇಕು ಎಂದು ಮೊದಲು ನೀವೇ ನಿರ್ಧರಿಸಿ

ಸಾಧ್ಯವಾದರೆ ಶಾಲೆ ಬಿಟ್ಟ ಮೇಲೆ ಅನುಮತಿ ಪಡೆದು ಖಾಲಿ ತರಗತಿಯಲ್ಲಿ ಒಮ್ಮೆ ಕುಳಿತು ನೋಡಿ, ಆಮೇಲೆ ಪಾಠ ನಡೆಯುವ ಹೊತ್ತಿನಲ್ಲಿ ಜಗಲಿಯಲ್ಲಿ ನಿಂತು ಶಬ್ದವನ್ನು ಆಲಿಸಿ. ಇವೆರಡನ್ನೂ ಮಾಡಿದರೆ ಮೂರು ಸಂಗತಿಗಳು ಕಣ್ಣಿಗೂ ಕಿವಿಗೂ ಬೀಳುತ್ತವೆ.

ಮೊದಲನೆಯದು ದೂರ. ಬಯಲಿನಲ್ಲಿ ಮಾತನಾಡುವವರಿಂದ ದೂರ ಎರಡರಷ್ಟಾದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. 3 ಅಡಿಯಲ್ಲಿ 60 ಡೆಸಿಬೆಲ್ ಇರುವ ಮಾತು 6 ಅಡಿಯಲ್ಲಿ 54, 12 ಅಡಿಯಲ್ಲಿ 48 ಆಗುತ್ತದೆ. ಕೊಠಡಿಯೊಳಗೆ ಗೋಡೆಗೆ ಬಡಿದು ಮರಳುವ ದನಿಯೂ ಸೇರುವುದರಿಂದ ಕುಗ್ಗುವುದು ಸ್ವಲ್ಪ ಕಡಿಮೆ. ಆದರೆ ಹಾಗೆ ಮರಳಿದ ದನಿ ಅಕ್ಷರಗಳನ್ನು ಒಂದರ ಮೇಲೊಂದು ಹರಡಿ ಕಲಸುತ್ತದೆ. ಕಲ್ಲು ಚಪ್ಪಡಿಯ ಗೋಡೆ, ಬರಿಯ ನೆಲ, ತಗಡಿನ ಸೂರು ಇರುವ ಕೊಠಡಿಗಳಲ್ಲಿ ಇದು ಹೆಚ್ಚು. ತಗಡಿನ ಮೇಲೆ ಮಳೆ ಬೀಳುವಾಗಂತೂ ಯಾವ ಬೆಂಚೂ ಉಪಯೋಗಕ್ಕೆ ಬಾರದು. ಆಗ ಪಾಠ ಹಲಗೆಯ ಮೇಲೆ ಬರಬೇಕು, ಅಷ್ಟೇ.

ಎರಡನೆಯದು ಕಿವಿಯ ದಿಕ್ಕು. ನಮ್ಮ ಹುಡುಗಿಗೆ ಎಡಗಿವಿ ವಾಸಿ. ಅವಳನ್ನು ಹುಡುಗಿಯರ ಸಾಲಿನ ಮೊದಲ ಬೆಂಚಿನಲ್ಲಿ, ಅಂದರೆ ಎಡಗಡೆಯ ಕಿಟಕಿಯ ಪಕ್ಕದಲ್ಲಿ ಕೂರಿಸಿದರೆ ಏನಾಗುತ್ತದೆ ನೋಡಿ: ಒಳ್ಳೆಯ ಕಿವಿ ರಸ್ತೆಯ ಬಸ್ಸು, ಟ್ರ್ಯಾಕ್ಟರು, ಮಾವಿನ ಸುಗ್ಗಿಯ ಲಾರಿಗಳ ಕಡೆಗೆ ತೆರೆದಿರುತ್ತದೆ, ದೋಷವಿರುವ ಕಿವಿ ಶಿಕ್ಷಕರ ಮತ್ತು ಸಹಪಾಠಿಗಳ ಕಡೆಗಿರುತ್ತದೆ. ಮುಂದಿನ ಬೆಂಚು ಕೊಟ್ಟಿದ್ದೇವೆ ಎಂದು ಶಾಲೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ, ಮಗುವಿಗೆ ಮಾತ್ರ ಮೊದಲಿಗಿಂತ ಕಡಿಮೆ ಕೇಳಿಸುತ್ತದೆ. ಅವಳಿಗೆ ಬೇಕಾದದ್ದು ಬಲಗಡೆಯ ಸಾಲಿನಲ್ಲಿ, ಗೋಡೆಯ ಪಕ್ಕದ ಜಾಗ. ಅಲ್ಲಿ ಕುಳಿತರೆ ಶಿಕ್ಷಕರೂ ಇಡೀ ತರಗತಿಯೂ ಎಡಗಡೆಗೆ ಬರುತ್ತಾರೆ, ದೋಷವಿರುವ ಕಿವಿ ಗೋಡೆಯ ಕಡೆಗಿರುತ್ತದೆ.

ಮೂರನೆಯದು ಮುಖ ಕಾಣುವುದು. ಎಡಗಡೆಯ ಕಿಟಕಿಯ ಬೆಳಕು ಹಲಗೆಯ ಬಳಿ ನಿಂತವರ ಮುಖದ ಮೇಲೆ ಬೀಳುತ್ತದೆ, ಬಲಗಡೆಯಿಂದ ಅದು ಚೆನ್ನಾಗಿ ಕಾಣುತ್ತದೆ. ಶಿಕ್ಷಕರು ಕಿಟಕಿಗೆ ಬೆನ್ನು ಕೊಟ್ಟು ನಿಂತರೆ ಮುಖ ಕಪ್ಪಾಗಿ ತುಟಿ ಕಾಣಿಸದು. ಬೆಂಚಿನ ಲೆಕ್ಕದಲ್ಲಿ ಮೊದಲನೆಯದಕ್ಕಿಂತ ಎರಡನೆಯದು ಮೇಲು ಎಂದೇ ನನ್ನ ಅಭಿಪ್ರಾಯ. ಎರಡನೆಯದರಲ್ಲಿದ್ದರೆ ಕತ್ತೆತ್ತಿ ನೋಡಬೇಕಾಗಿಲ್ಲ, ಮುಂದಿನವರು ಪುಸ್ತಕ ತೆರೆದದ್ದನ್ನು ನೋಡಿ ತಾನೂ ತೆರೆಯಬಹುದು, ಸ್ವಲ್ಪ ತಿರುಗಿದರೆ ಉತ್ತರ ಹೇಳುತ್ತಿರುವ ಸಹಪಾಠಿಯ ಮುಖವೂ ಸಿಗುತ್ತದೆ. ಈ ಕೊಠಡಿಯಲ್ಲಿ ಇನ್ನೊಂದು ಕಾರಣವೂ ಇದೆ: ಮೊದಲ ಬೆಂಚಿನ ಪಕ್ಕದಲ್ಲೇ ಜಗಲಿಯ ಬಾಗಿಲು. ಫ್ಯಾನು ಸದ್ದು ಮಾಡುವಂಥದ್ದಾದರೆ ಅದರ ನೇರ ಕೆಳಗಿನ ಜಾಗವೂ ಬೇಡ.

ಇದೆಲ್ಲ ಬೆಂಚುಗಳ ತರಗತಿಗೆ ಸರಿ. ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿ ಕೊಠಡಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ, ಶಿಕ್ಷಕರು ಗುಂಪಿನಿಂದ ಗುಂಪಿಗೆ ಓಡಾಡುತ್ತಿರುತ್ತಾರೆ, ಮುಂದಿನ ಸಾಲು ಎಂಬುದೇ ಇರುವುದಿಲ್ಲ. ಅಲ್ಲಿ ಕೇಳಬೇಕಾದದ್ದು ಗೋಡೆಗೆ ಬೆನ್ನಾಗಿ, ಗುಂಪಿನ ಎಲ್ಲರ ಮುಖ ಕಾಣುವ ಜಾಗ, ಮತ್ತು ಸೂಚನೆ ಕೊಡುವಾಗ ಶಿಕ್ಷಕರು ಆ ಗುಂಪಿನ ಹತ್ತಿರ ಬಂದು ಕೊಡುವುದು.

ಪತ್ರ

ಬರೆಯುವ ಸಮಯ ಜೂನ್ ತಿಂಗಳ ಮೊದಲ ವಾರ. ಆಮೇಲಾದರೆ ಎತ್ತರದ ಪ್ರಕಾರ ಜಾಗ ಹಂಚಿ ಮುಗಿದಿರುತ್ತದೆ, ಒಬ್ಬಳಿಗಾಗಿ ಬದಲಿಸುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಪತ್ರ ಒಂದು ಪುಟ ಮೀರಬಾರದು. ತಾಯಿಗೆ ಬರೆಯುವ ಅಭ್ಯಾಸವಿಲ್ಲದಿದ್ದರೆ ಬೇರೆಯವರಿಂದ ಬರೆಸಬಹುದು, ಆದರೆ ಮನೆಯಲ್ಲಿ ಕಂಡದ್ದನ್ನು ಹೇಳುವ ಸಾಲುಗಳು ಅವಳ ಮಾತಿನಲ್ಲೇ ಇರಲಿ. ನಮ್ಮ ಹುಡುಗಿಯ ಪತ್ರ ಹೀಗಿರಬಹುದು.

“ತರಗತಿ ಶಿಕ್ಷಕಿಯವರಿಗೆ, ನಾಲ್ಕನೇ ತರಗತಿ. ಮುಖ್ಯ ಶಿಕ್ಷಕರ ಮೂಲಕ.

ವಿಷಯ: ನನ್ನ ಮಗಳ ಅಲ್ಪ ಶ್ರವಣದೋಷ ಮತ್ತು ಕೂರುವ ಜಾಗದ ಬಗ್ಗೆ.

ಮಾನ್ಯರೇ,

ನನ್ನ ಮಗಳಿಗೆ ಎರಡು ಕಿವಿಗಳಲ್ಲೂ ಅಲ್ಪ ಶ್ರವಣದೋಷವಿದೆ ಎಂದು ಪರೀಕ್ಷೆಯಲ್ಲಿ ತಿಳಿದುಬಂದಿದೆ. ಬಲಗಿವಿ 38 ಡೆಸಿಬೆಲ್, ಎಡಗಿವಿ 28 ಡೆಸಿಬೆಲ್. ಚೀಟಿಯ ನಕಲನ್ನು ಇದರೊಂದಿಗೆ ಇಟ್ಟಿದ್ದೇನೆ. ಅವಳಿಗೆ ದನಿ ಕೇಳಿಸುತ್ತದೆ, ಆದರೆ ದೂರದಿಂದ ಅಥವಾ ಗದ್ದಲದಲ್ಲಿ ಹೇಳಿದ ಮಾತಿನ ಕೆಲವು ಅಕ್ಷರಗಳು ತಿಳಿಯುವುದಿಲ್ಲ. ಸಾಲು ಎಂದರೆ ಹಾಲು ಎಂದು ಬರೆಯುತ್ತಾಳೆ. ಮನೆಯಲ್ಲಿ ತೆಲುಗಿನಲ್ಲಿ ಹಿಂದಿನಿಂದ ಮಾತನಾಡಿಸಿದರೂ ಹೀಗೆಯೇ ಆಗುತ್ತದೆ, ಎದುರಿಗೆ ಕುಳಿತು ಹೇಳಿದರೆ ಆಗುವುದಿಲ್ಲ. ತಿಳಿಯದಿದ್ದರೂ ನಾಚಿಕೆಯಿಂದ ತಲೆಯಾಡಿಸುವುದು ಅವಳ ಅಭ್ಯಾಸ.

ಅವಳಿಗೆ ಎಡಗಿವಿ ಹೆಚ್ಚು ಕೇಳಿಸುವುದರಿಂದ, ಹಲಗೆಗೆ ಮುಖ ಮಾಡಿದಾಗ ಬಲಗಡೆ ಬರುವ ಸಾಲಿನ ಎರಡನೇ ಬೆಂಚಿನಲ್ಲಿ, ಗೋಡೆಯ ಪಕ್ಕದಲ್ಲಿ ಕೂರಿಸಬೇಕೆಂದು ಕೋರುತ್ತೇನೆ. ಅದು ಈಗ ಹುಡುಗರ ಸಾಲೆಂದು ನನಗೆ ಗೊತ್ತು. ಹುಡುಗಿಯರ ಮತ್ತು ಹುಡುಗರ ಪಕ್ಕಗಳನ್ನು ಅದಲು ಬದಲು ಮಾಡಲು ಸಾಧ್ಯವಾದರೆ ಅವಳೊಬ್ಬಳೇ ಬೇರೆಯಾಗಿ ಕಾಣುವುದಿಲ್ಲ. ಅದಾಗದಿದ್ದರೆ ಅವಳ ಜೊತೆ ಇನ್ನೊಬ್ಬ ಹುಡುಗಿಯನ್ನು ಅಲ್ಲಿ ಕೂರಿಸಿದರೂ ಸಾಕು. ವಾರಕ್ಕೊಮ್ಮೆ ಬೆಂಚು ಬದಲಿಸುವಾಗ ಅವಳ ಜಾಗ ಮಾತ್ರ ಹಾಗೆಯೇ ಇರಲಿ.

ಹಲಗೆಯ ಮೇಲೆ ಬರೆಯುತ್ತಾ ಹೇಳುವ ಮಾತು ಅವಳಿಗೆ ಸಿಗುವುದಿಲ್ಲ, ಆದ್ದರಿಂದ ಮುಖ್ಯವಾದದ್ದನ್ನು ತಿರುಗಿದ ಮೇಲೆ ಒಮ್ಮೆ ಹೇಳಿದರೆ ಉಪಕಾರವಾಗುತ್ತದೆ. ಮನೆಗೆಲಸದ ಪುಟದ ಸಂಖ್ಯೆಯನ್ನು ಹಲಗೆಯ ಮೂಲೆಯಲ್ಲಿ ಬರೆದರೆ ಒಳ್ಳೆಯದು. ಕೇಳಿಸಿತೇ ಎಂದರೆ ಅವಳು ಹೂಂ ಎನ್ನುತ್ತಾಳೆ; ಏನು ಹೇಳಿದೆ, ಹೇಳು ಎಂದು ಕೇಳಿದರೆ ನಿಜ ತಿಳಿಯುತ್ತದೆ. ಈ ವಿಷಯವನ್ನು ತರಗತಿಯಲ್ಲಿ ಎಲ್ಲರ ಮುಂದೆ ಹೇಳಬಾರದೆಂದು ವಿನಂತಿ.

ಒಂದು ತಿಂಗಳ ನಂತರ ತಮ್ಮನ್ನು ಕಂಡು, ಜಾಗ ಸರಿಹೊಂದಿದೆಯೇ ಎಂದು ಕೇಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,”

ಇದರ ಕೆಳಗೆ ಸಹಿ, ದಿನಾಂಕ, ದೂರವಾಣಿ ಸಂಖ್ಯೆ. ಜೊತೆಗೆ ಕೊಠಡಿಯ ಒಂದು ಸಣ್ಣ ಚಿತ್ರ ಬರೆದು, ಹಲಗೆ, ಕಿಟಕಿ, ಬಾಗಿಲು ಗುರುತಿಸಿ, ಬೇಕಾದ ಜಾಗಕ್ಕೆ ಚುಕ್ಕೆ ಇಟ್ಟರೆ ಉತ್ತಮ. ಎಡ, ಬಲ ಎಂಬ ಮಾತುಗಳು ತರಗತಿಯಲ್ಲಿ ಸುಲಭವಾಗಿ ತಿರುಗುಮುರುಗಾಗುತ್ತವೆ; ಹಲಗೆಯ ಬಳಿ ನಿಂತ ಶಿಕ್ಷಕರಿಗೆ ಮಕ್ಕಳ ಬಲ ಎಡವಾಗಿರುತ್ತದೆ. ಪತ್ರದಲ್ಲಿ “ಹಲಗೆಗೆ ಮುಖ ಮಾಡಿದಾಗ” ಎಂದು ಸೇರಿಸಿರುವುದು ಅದಕ್ಕಾಗಿಯೇ.

ಪತ್ರದಲ್ಲಿ ಏನನ್ನು ಬಿಟ್ಟಿದ್ದೇನೆ ಎಂಬುದನ್ನೂ ಗಮನಿಸಿ. ಹಿಂದಿನ ವರ್ಷದ ಶಿಕ್ಷಕರು ಬೈದದ್ದು, ಹೊಡೆದದ್ದು ಇಲ್ಲಿ ಬಂದಿಲ್ಲ. ಅದು ನಿಜವಾಗಿದ್ದರೆ ಹೇಳಬೇಕಾದ ಜಾಗ ಬೇರೆ. ಈ ಪತ್ರದಲ್ಲಿ ಬಂದರೆ ಓದುವವರು ತಮ್ಮನ್ನು ಸಮರ್ಥಿಸಿಕೊಳ್ಳಲು ಹೊರಡುತ್ತಾರೆ, ಬೆಂಚಿನ ಮಾತು ಹಿಂದೆ ಉಳಿಯುತ್ತದೆ. ಅಂಗವಿಕಲತೆಯ ಪ್ರಮಾಣಪತ್ರದ ಮಾತೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಶ್ರವಣದೋಷದ ಲೆಕ್ಕ ಶುರುವಾಗುವುದೇ ಎರಡೂ ಕಿವಿಗಳಲ್ಲಿ 60 ಡೆಸಿಬೆಲ್‌ನಿಂದ. 38 ಮತ್ತು 28ರ ಮಗುವಿಗೆ ಶ್ರವಣದೋಷದ ಹೆಸರಿನಲ್ಲಿ ಆ ಪ್ರಮಾಣಪತ್ರ ಸಿಗುವುದಿಲ್ಲ. ಆದ್ದರಿಂದ ಇಂಥ ಮಗುವಿನ ಪಾಲಿಗೆ ಈ ಪತ್ರವೇ ಮುಖ್ಯ ದಾಖಲೆಯಾಗಿ ಉಳಿಯುತ್ತದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಮುಖ್ಯ ಶಿಕ್ಷಕರಿಂದ ಸ್ವೀಕರಿಸಿದ ದಿನಾಂಕ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.

ಕೊಟ್ಟ ಮೇಲೆ

ಪತ್ರವನ್ನು ಮಗುವಿನ ಚೀಲದಲ್ಲಿ ಇಟ್ಟು ಕಳಿಸುವುದಕ್ಕಿಂತ ಬೆಳಗಿನ ಪ್ರಾರ್ಥನೆಗೆ ಮೊದಲು ಅಥವಾ ಸಂಜೆ ಶಾಲೆ ಬಿಟ್ಟ ಮೇಲೆ ಕೈಯಲ್ಲೇ ಕೊಡುವುದು ಸರಿ. ಕೊಡುವಾಗ ಶಿಕ್ಷಕರನ್ನು ಒಂದು ಸಣ್ಣ ಪರೀಕ್ಷೆಗೆ ಒಪ್ಪಿಸಿ. ಮಗು ಆ ಹೊಸ ಜಾಗದಲ್ಲಿ ಕುಳಿತಿರಲಿ, ಶಿಕ್ಷಕರು ಹಲಗೆಯ ಬಳಿ ನಿಂತು ಬಾಯಿಗೆ ಕಾಗದ ಅಡ್ಡ ಹಿಡಿದು, ಪಾಠದ ದನಿಯಲ್ಲೇ ಸಾಲು, ಹಾಲು, ಕಾಲು, ಪಾಲು, ತಲೆ, ಕಲೆ ಎಂಬ ಮಾತುಗಳನ್ನು ಕ್ರಮ ತಪ್ಪಿಸಿ ಒಂದೊಂದಾಗಿ ಹೇಳಲಿ, ಮಗು ಬರೆಯಲಿ. ಆಮೇಲೆ ಹಳೆಯ ಜಾಗದಲ್ಲಿ ಕೂರಿಸಿ ಮತ್ತೊಮ್ಮೆ. ಕೊಠಡಿ ಖಾಲಿಯಿದ್ದರೆ ವ್ಯತ್ಯಾಸ ಅಷ್ಟಾಗಿ ಕಾಣದಿರಬಹುದು. ನಾಲ್ಕಾರು ಮಕ್ಕಳು ಮಾತನಾಡುತ್ತಿರುವಾಗ ಅಥವಾ ಫ್ಯಾನು ಓಡುತ್ತಿರುವಾಗ ಮಾಡಿದರೆ ಎದ್ದು ಕಾಣುತ್ತದೆ. ಇದು ವೈದ್ಯಕೀಯ ಪರೀಕ್ಷೆಯಲ್ಲ, ಜಾಗವನ್ನು ಜಾಗದೊಂದಿಗೆ ಹೋಲಿಸಲು ಮಾತ್ರ.

ಜಾಗ ಕೈತಪ್ಪುವುದು ಹೆಚ್ಚಾಗಿ ಮೂರು ಸಂದರ್ಭಗಳಲ್ಲಿ: ಅತಿಥಿ ಶಿಕ್ಷಕರು ಬಂದಾಗ, ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿದಾಗ, ಮತ್ತು ಪರೀಕ್ಷೆಯ ದಿನ ಜಾಗ ಅದಲು ಬದಲಾದಾಗ. “ಬಲ ಸಾಲು, ಎರಡನೇ ಬೆಂಚು, ಬದಲಿಸಬಾರದು” ಎಂಬ ಒಂದು ಚೀಟಿಯನ್ನು ಹಾಜರಾತಿ ಪುಸ್ತಕದೊಳಗೆ ಅಂಟಿಸಲು ಕೇಳಿಕೊಳ್ಳಬಹುದು. ಕಾರಣವನ್ನು ಅದರಲ್ಲಿ ಬರೆಯಬೇಕಾಗಿಲ್ಲ. ಪರೀಕ್ಷೆಯಲ್ಲಿ ಉಕ್ತಲೇಖನವಿದ್ದರೆ ಅದೊಂದಕ್ಕಾದರೂ ಅವಳು ತನ್ನ ಜಾಗದಲ್ಲೇ ಇರಬೇಕು. ಸರ್ಕಾರಿ ಶಾಲೆಯಾದರೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಬಿಐಇಆರ್‌ಟಿ ಶಿಕ್ಷಕರಿಗೆ ತಿಳಿಸುವಂತೆ ಮುಖ್ಯ ಶಿಕ್ಷಕರನ್ನು ಕೇಳಿ. ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿಯೇ ಇರುವ ಅವರು ಶಾಲೆಗೆ ಬಂದು ಜಾಗ ನೋಡಿ ಹೇಳಿದರೆ ಆ ಮಾತಿಗೆ ತೂಕ ಬೇರೆ.

ತಿಂಗಳ ನಂತರ ಹೋಗುವಾಗ ಹಳೆಯ ಮತ್ತು ಹೊಸ ಉಕ್ತಲೇಖನದ ಪುಟಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ದೀರ್ಘ, ಒತ್ತಕ್ಷರದ ತಪ್ಪುಗಳು ಹಾಗೆಯೇ ಇದ್ದು, ಸ, ಹ, ತ, ಕ ಅದಲು ಬದಲಾಗುವುದು ಕಡಿಮೆಯಾಗಿದ್ದರೆ ಜಾಗ ಕೆಲಸ ಮಾಡುತ್ತಿದೆ. ಉಳಿದದ್ದು ಬರವಣಿಗೆಯ ಅಭ್ಯಾಸಕ್ಕೆ ಸೇರಿದ್ದು. ಎರಡೂ ಬಗೆಯವು ಮೊದಲಿನಂತೆಯೇ ಇದ್ದರೆ ಮಗು ನಿಜವಾಗಿ ಆ ಜಾಗದಲ್ಲೇ ಕೂರುತ್ತಿದೆಯೇ ಎಂದು ಮೊದಲು ವಿಚಾರಿಸಿ. ಜಾಗ ಸರಿಯಾಗಿದ್ದೂ ಅಕ್ಷರಗಳು ಹೆಚ್ಚು ಹೆಚ್ಚು ತಪ್ಪುತ್ತಿದ್ದರೆ, ಅಥವಾ ಮಗು ಕಿವಿ ನೋವು, ಕಿವಿ ಸೋರುವುದು ಎಂದರೆ, ಆರು ತಿಂಗಳಿಗೆ ಕಾಯದೆ ಮರುಪರೀಕ್ಷೆ ಮಾಡಿಸಿ. ಅಂಕಿಗಳು ಬದಲಾದರೆ, ಅದರಲ್ಲೂ ಯಾವ ಕಿವಿ ವಾಸಿ ಎಂಬುದೇ ಬದಲಾದರೆ, ಹಳೆಯ ಪತ್ರವನ್ನು ಹಿಂಪಡೆದು ಹೊಸ ಚಿತ್ರದೊಂದಿಗೆ ಹೊಸದಾಗಿ ಬರೆದುಕೊಡಿ.